ದೊಡ್ಡಲಕ್ಷ್ಮಮ್ಮನ ನೀಲಿ

ಅಕ್ಕೂರಿನ ಆ ಬೀದಿಯಲ್ಲಿ ಹುಳ ಹಣ್ಣಾಯಿತೋ ಇಲ್ಲವೋ ಎಂದು ತೀರ್ಪು ಕೊಡುವ ಅಧಿಕಾರ ರೇಷ್ಮೆ ಇಲಾಖೆಗೆ ಇರಲಿಲ್ಲ, ದೊಡ್ಡಲಕ್ಷ್ಮಮ್ಮನಿಗಿತ್ತು. ರೇಷ್ಮೆ ಹುಳ ಮೈಚರ್ಮ ಕಳಚುವ ನಾಲ್ಕನೇ ಜ್ವರ ದಾಟಿ, ಸೊಪ್ಪು ತಿಂದು ತಿಂದು ಸಾಕಾಗಿ ತಲೆ ಎತ್ತುವ ಹೊತ್ತಿಗೆ ಅದರ ಬಿಳಿ ಮೈ ಒಳಗಿನಿಂದ ತಿಳಿಹಳದಿಗೆ ತಿರುಗುತ್ತದೆ. ಅದಕ್ಕೆ ಹಣ್ಣಾಗುವುದು ಅನ್ನುತ್ತಾರೆ. ಆಗ ಅದನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಂಕಿಗೆ ಬಿಡಬೇಕು. ಮೊದಲೇ ಬಿಟ್ಟರೆ ಹುಳ ಕಟ್ಟದೆ ಅಲೆಯುತ್ತದೆ. ತಡ ಮಾಡಿದರೆ ಸೊಪ್ಪಿನ ಮೇಲೆಯೇ ನೂಲು ಕಕ್ಕಿ ಕೂರುತ್ತದೆ. ಎರಡಕ್ಕೂ ನಡುವೆ ಇರುವುದು ಒಂದು ಬಣ್ಣ ಮಾತ್ರ.

"ದೊಡ್ಲಕ್ಷ್ಮವ್ವ, ಒಸಿ ಬಂದು ನೋಡವ್ವ, ಹಣ್ಣಾದ್ವಾ?" ಎಂದು ಅಕ್ಕಪಕ್ಕದವರು ಕರೆಯುತ್ತಿದ್ದರು. ಆಕೆ ಸೆರಗು ಸಿಕ್ಕಿಸಿಕೊಂಡು ಹೋಗುವಳು. ತಟ್ಟೆಯಿಂದ ಒಂದು ಹುಳ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುವಳು. "ಇನ್ನೊಂದು ಸೊಪ್ಪು ಹಾಕು, ನಾಳೆ ಮುಂಜಾನೆ ಬಿಡು" ಅಂದರೆ ಮೇಲ್ಮನವಿ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಮಗ ಶಿವಕುಮಾರನ ಮಾತು ನಡೆಯುತ್ತಿತ್ತು, ಅಡುಗೆಮನೆಯಲ್ಲಿ ಸೊಸೆ ರಮ್ಯಾಳದು. ಹುಳಮನೆಯಲ್ಲಿ ಮಾತ್ರ ದೊಡ್ಡಲಕ್ಷ್ಮಮ್ಮನ ಸರ್ಕಾರ. ಆ ಸರ್ಕಾರ ನಿಂತಿದ್ದದ್ದು ಎರಡು ಕಣ್ಣುಗಳ ಮೇಲೆ.

ಅರವತ್ತೈದು ದಾಟಿದ ಮೇಲೆ ಆ ಕಣ್ಣುಗಳು ಸದ್ದಿಲ್ಲದೆ ಕೈಕೊಡತೊಡಗಿದವು. ನೋವಿಲ್ಲ, ಉರಿಯಿಲ್ಲ, ನೀರು ಸುರಿಯುವುದಿಲ್ಲ. ಆದರೆ ಬಾಗಿಲ ಚೌಕಟ್ಟಿಗೆ ಭುಜ ತಾಕುತ್ತಿತ್ತು. ಪಕ್ಕದಲ್ಲಿಟ್ಟ ನೀರಿನ ಚೊಂಬನ್ನು ಒದೆಯುತ್ತಿದ್ದಳು. ಒಮ್ಮೆ ಕೊಟ್ಟಿಗೆಯಲ್ಲಿ ಹಸುವಿಗೇ ಡಿಕ್ಕಿ ಹೊಡೆದಳು. ಹಸು ಸುಮ್ಮನಿತ್ತು, ರಮ್ಯಾ ಸುಮ್ಮನಿರಲಿಲ್ಲ.

"ಅತ್ತೆ, ಒಂದ್ಸಲ ಕಣ್ಣು ತೋರಿಸ್ಕೊಂಡು ಬರಾನ ನಡೀರಿ."

"ಹಸ ಅಡ್ಡ ಬಂದ್ರೆ ಕಣ್ಣು ಏನ್ಮಾಡ್ತದೆ? ಹಸೀನ ತೋರ್ಸು ಹೋಗು."

ಹಾಗೆ ಅಂದಳಾದರೂ ಹೆದರಿಕೆ ಇತ್ತು. ಕಣ್ಣು ಹೋದರೆ ಹುಳಮನೆ ಹೋಯಿತು. ಹುಳಮನೆ ಹೋದರೆ ತಾನು ಜಗುಲಿಯ ಮೇಲೆ ಕೂತು, ಯಾರಾದರೂ ಕಾಫಿ ಕೊಟ್ಟಾರೇ ಎಂದು ಸದ್ದಿಗೆ ಕಿವಿ ಕೊಡುವ ಮುದುಕಿ. ಮುಂದಿನ ತಿಂಗಳು ಊರ ಶಾಲೆಯಲ್ಲಿ ಕಣ್ಣಿನ ಶಿಬಿರ ಇದೆಯೆಂದು ಆಶಾ ಕಾರ್ಯಕರ್ತೆ ಹೇಳಿಹೋಗಿದ್ದಳು. ಅಲ್ಲಿಗೆ ಹೋಗಿಬರಬೇಕು ಎಂದು ಯಾರಿಗೂ ಹೇಳದೆ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

ಶಿಬಿರಕ್ಕಿಂತ ಮೊದಲೇ ಊರಿಗೆ ಬಂದವರು ಪ್ರೊಫೆಸರ್ ಮುನಿಕೃಷ್ಣ.

ಮುನಿಕೃಷ್ಣ ಭಾಷಾಶಾಸ್ತ್ರದವರು. ಒಳ್ಳೆಯ ಮನುಷ್ಯ. ಯಾರಿಗೂ ಕೆಡುಕು ಬಯಸಿದವರಲ್ಲ, ಅದಕ್ಕೆ ಅವರಿಗೆ ಪುರಸೊತ್ತೂ ಇರಲಿಲ್ಲ. ಮೂರು ವಾಕ್ಯ ಆಡಿದರೆ ಒಂದರಲ್ಲಿ "ನನ್ನ ಯೋಜನೆ" ಇರುತ್ತಿತ್ತು. ಆ ಯೋಜನೆ ಬಣ್ಣದ ಪದಗಳದು. ರಾಮನಗರದಿಂದ ಅಕ್ಕೂರಿನವರೆಗೆ ಜೀಪಿನಲ್ಲಿ, ತಮ್ಮ ಕೈಕೆಳಗೇ ಪಿಎಚ್‌ಡಿ ಮಾಡುತ್ತಿದ್ದ ಸಂಶೋಧನಾ ಸಹಾಯಕಿ ನಯನಾಳಿಗೆ ಅದನ್ನೇ ಹೇಳುತ್ತ ಬಂದರು. ಆಕೆಗೆ ಅದು ಗೊತ್ತಿತ್ತು. ಡ್ರೈವರಿಗೂ ಗೊತ್ತಾಗಿಹೋಗಿತ್ತು.

"ಲೋಕದ ಭಾಷೆಗಳಲ್ಲಿ ಮೂಲ ಬಣ್ಣದ ಪದಗಳು ಎಷ್ಟಾದರೂ ಇರಬಹುದು, ಆದರೆ ಹೇಗೆಂದರೆ ಹಾಗೆ ಇರೋದಿಲ್ಲ. ಎರಡೇ ಪದ ಇರೋ ಭಾಷೆಯಲ್ಲಿ ಒಂದು ಕಪ್ಪು ಕಡೆಯದು, ಇನ್ನೊಂದು ಬಿಳಿ ಕಡೆಯದು. ಮೂರನೇದು ಬಂದರೆ ಕೆಂಪು. ಆಮೇಲೆ ಹಸಿರು ಇಲ್ಲವೇ ಹಳದಿ. ಒಂದರ ಹಿಂದೆ ಇನ್ನೊಂದು. ಆಮೇಲೆ ನೀಲಿ. ಅದಾದ ಮೇಲೆ ಕಂದು. ಗುಲಾಬಿ, ನೇರಳೆ, ಕಿತ್ತಳೆ, ಬೂದು ಎಲ್ಲ ಕೊನೆಯ ಬಸ್ಸಿಗೆ ಬರೋರು. ನೀಲಿಗೆ ಪದ ಇದ್ದು ಕೆಂಪಿಗೆ ಪದ ಇಲ್ಲದ ಭಾಷೆ ಸಿಗೋದಿಲ್ಲ."

"ಬೂದು ಕೆಲವು ಕಡೆ ಬೇಗನೇ ಬಂದುಬಿಡುತ್ತಲ್ಲ ಸರ್?" ಅಂದಳು ನಯನಾ.

"ಸಾಮಾನ್ಯವಾಗಿ ಅಂದೆ," ಅಂದರು ಮುನಿಕೃಷ್ಣ. ಅಂದಿರಲಿಲ್ಲ.

ಕನ್ನಡವನ್ನೇ ನೋಡಿದರೂ ಸಾಲು ಅದೇ ಎಂಬುದು ಅವರ ವಾದ. ಕಪ್ಪು, ಬಿಳಿ, ಕೆಂಪು, ಹಸಿರು ಮನೆಯ ಮಕ್ಕಳು. ಹಳದಿ ಅರಿಶಿನದ ಹೆಸರಿನಲ್ಲಿ ಹೊರಗಿನಿಂದ ಬಂತು. ನೀಲಿ ಸಂಸ್ಕೃತದ ಮನೆಯಿಂದ. ಉಳಿದವು ಹಣ್ಣು, ಹೂವು, ಬೂದಿಯಿಂದ ಕೈಸಾಲ ತಂದವು. ಈಗಿನ ಮಕ್ಕಳು ಪಿಂಕ್, ಬ್ರೌನ್, ಆರೆಂಜ್ ಅನ್ನುತ್ತಾರೆ. ಹಾಗಾದರೆ ಎಲ್ಲೋ ಒಬ್ಬ ಅಜ್ಜಿಯ ಬಾಯಲ್ಲಿ ಇನ್ನೂ ನೀಲಿ ಬೇರೆಯಾಗದ ಹಳೆಯ ಕನ್ನಡ ಉಳಿದಿರಬೇಕು ಎಂಬ ಆಸೆ ಅವರದು. ಆಸೆ ಎಂಬುದನ್ನು ಅವರು ಊಹಾಪ್ರತಿಜ್ಞೆ ಎಂದು ಕರೆಯುತ್ತಿದ್ದರು.

ತರಗತಿಯಲ್ಲಿ ಅವರು ಪ್ರತಿ ವರ್ಷ ಮೇಜು ಕುಟ್ಟಿ ಹೇಳುವ ಮಾತೊಂದಿತ್ತು: "ಪದ ಇಲ್ಲ ಅಂದರೆ ಕಣ್ಣಿಗೆ ಕಾಣುವುದಿಲ್ಲ ಎಂದಲ್ಲ. ಪದವಿಲ್ಲದ ಬಣ್ಣವನ್ನೂ ಕಣ್ಣು ಬೇರೆ ಮಾಡಿ ನೋಡುತ್ತದೆ." ಮಾತು ನೂರಕ್ಕೆ ನೂರು ಸರಿ. ಅದನ್ನು ಅಷ್ಟೊಂದು ಸಲ ಹೇಳಿದ್ದರಿಂದಲೋ ಏನೋ, ಕಣ್ಣಿಗೇ ಕಾಣದೆ ಇರಬಹುದು ಎಂಬುದು ಅವರ ತಲೆಗೆ ಬರುವುದು ನಿಂತುಹೋಗಿತ್ತು.

ದೊಡ್ಡಲಕ್ಷ್ಮಮ್ಮನ ಜಗುಲಿಯಲ್ಲಿ ನೆರಳಿತ್ತು. ಬಣ್ಣದ ಚೀಟಿಗಳನ್ನು ಬಿಸಿಲಿನಲ್ಲಿ ತೋರಿಸಬಾರದು. ಒಂದೇ ಹದದ ನೆರಳು ಬೇಕು. ಮುನಿಕೃಷ್ಣ ಅಲ್ಲೇ ಕೂತರು. ತಾವು "ವರ್ಣಪದಗಳ ಸಾರ್ವತ್ರಿಕ ವಿಕಾಸಕ್ರಮದ ಪ್ರಾದೇಶಿಕ ಅಧ್ಯಯನ"ಕ್ಕಾಗಿ ಬಂದಿರುವುದಾಗಿ, ಒಪ್ಪಿಗೆ ಬೇಕೆಂದು ಹೇಳಿದರು. ಅದಕ್ಕಿಂತ ಬಿಡಿಸಿ ಹೇಳಿದರೆ ಉತ್ತರ ಕೆಡುತ್ತದೆ ಎಂದು ಅವರ ನಂಬಿಕೆ.

"ಏನಂತ್ಲಾ?" ಎಂದು ದೊಡ್ಡಲಕ್ಷ್ಮಮ್ಮ ಮಗನನ್ನು ಕೇಳಿದಳು.

ಶಿವಕುಮಾರ ಚೀಲದಿಂದ ಹೊರಬಂದ ಬಣ್ಣದ ಚೀಟಿ, ಚುಕ್ಕಿಗಳ ಪುಸ್ತಕ ಎಲ್ಲವನ್ನೂ ನೋಡಿದ. "ಕಣ್ಣಿಂದೇ ಇರ್ಬೇಕು ಕಣವ್ವ. ಯೂನಿವರ್ಸಿಟಿಯಿಂದ ಬಂದವ್ರೆ."

ಆಕೆಯ ಮುಖ ಹಗುರವಾಯಿತು. ಶಿಬಿರಕ್ಕೆ ಹೋಗಬೇಕೆಂದಿದ್ದರೆ ಶಿಬಿರವೇ ಜೀಪು ಹತ್ತಿ ಬಂದಿತ್ತು.

ಮೊದಲು, ಪದ್ಧತಿಯಂತೆ, ಬಣ್ಣಗುರುಡು ಇದೆಯೇ ಎಂದು ನೋಡುವ ಚುಕ್ಕಿಗಳ ಪುಸ್ತಕ. ಅಂಕಿ ಓದಲು ಬಾರದವರು ಚುಕ್ಕಿಗಳ ನಡುವೆ ಸಾಗುವ ಗೆರೆಯ ಮೇಲೆ ಬೆರಳು ಆಡಿಸಬೇಕು. ದೊಡ್ಡಲಕ್ಷ್ಮಮ್ಮ ಮೂಗು ಪುಟಕ್ಕೆ ತಾಗುವಷ್ಟು ಬಾಗಿ, ಒಂದು ಕಡೆಯೂ ತಪ್ಪದೆ ಬೆರಳು ಆಡಿಸಿದಳು.

"ಪಾಸಾದ್ರಿ ಅಜ್ಜಿ," ಅಂದರು ಮುನಿಕೃಷ್ಣ. "ಕಣ್ಣಿಗೆ ಏನೂ ತೊಂದರೆ ಇಲ್ಲ."

"ಅಂಗಂತೀರಾ ಸ್ವಾಮಿ?"

"ಪರೀಕ್ಷೆಯೇ ಹೇಳುತ್ತಲ್ಲ."

ಆಕೆ ಒಳಗೆ ತಿರುಗಿ, "ಕೇಳಿಸ್ಕೊಂಡ್ಯೇನೇ ರಮ್ಯಾ? ಹಸೀಗೆ ಹೇಳು," ಅಂದಳು.

ಆಮೇಲೆ, ಗೊತ್ತಿರುವ ಬಣ್ಣಗಳ ಹೆಸರನ್ನೆಲ್ಲ ಹೇಳಿ ಅಂದರು. "ಕರೀದು, ಬಿಳೀದು, ಕೆಂಪು, ಹಸ್ರು, ಅರಿಸಿಣ, ನೀಲಿ," ಅಂದಳು. "ಆಮ್ಯಾಕೆ ಗಿಣಿ ಹಸ್ರು, ಕನಕಾಂಬ್ರ, ಇಟ್ಟಿಗೆ ಬಣ್ಣ... ಸೀರೆ ಅಂಗ್ಡಿಯೋನ ಕೇಳಿ, ಅವ್ನು ಸಂಜೆಗಂಟ ಹೇಳ್ತಾನೆ." ಗಿಣಿ ಹಸಿರು ಹಸಿರಿನೊಳಗೇ ಸೇರಿದ್ದು, ಕನಕಾಂಬರ ಹೂವಿನ ಹೆಸರು; ಅವೆಲ್ಲ ಮೂಲ ಪದವಲ್ಲವೆಂದು ನಯನಾ ಬದಿಗೆ ಬರೆದುಕೊಂಡಳು.

ಕೊನೆಗೆ ಚೀಟಿಗಳು. ಒಂದೊಂದಾಗಿ, ಕಲಸಿದ ಸಾಲಿನಲ್ಲಿ. ಕೆಂಪು ಚೀಟಿಗೆ ಕೆಂಪು, ಹಸಿರಿಗೆ ಹಸ್ರು. ನಯನಾ ಗಾಢ ನೀಲಿ ಚೀಟಿ ಹಿಡಿದಳು.

"ಕರೀದು."

ಇನ್ನೊಂದು ನೀಲಿ. "ಇದೂ ಕರೀದೇ." ತಿಳಿನೀಲಿ. "ಇದು ಒಂಥರಾ ಬೂದಿ. ಹಸ್ರೂ ಅನ್ಬೋದು." ತಿಳಿಹಳದಿಯ ಚೀಟಿಗೆ ಒಂದಿಷ್ಟೂ ತಡೆಯದೆ, "ಬಿಳೀದು."

ನಯನಾ ತಲೆ ಎತ್ತಿ ನೋಡಿದಳು. ಪ್ರೊಫೆಸರರ ಮುಖ, ಸಂಬಂಧ ಕುದುರಿದ ಹುಡುಗನ ತಂದೆಯ ಮುಖದಂತೆ ಬೆಳಗುತ್ತಿತ್ತು.

"ನೋಡಿದೆಯಾ?" ಅಂದರು ಜೀಪಿನಲ್ಲಿ. "ನೀಲಿ ಇನ್ನೂ ಕಪ್ಪಿನೊಳಗೇ ಇದೆ. ಪುಸ್ತಕದಲ್ಲಿ ಓದಿದ್ದು ಇಲ್ಲಿ ಕೂತು ಎಲೆಯಡಿಕೆ ಹಾಕ್ಕೊಳ್ಳುತ್ತಿದೆ."

"ಆದರೆ ಹೆಸರು ಹೇಳುವಾಗ ನೀಲಿ ಅಂದರಲ್ಲ ಸರ್."

"ಬೀದಿಯ ಶಾಲೆ ಮಕ್ಕಳ ಬಾಯಿಂದ ಬಂದ ನೀಲಿ ಅದು. ಬಾಯಲ್ಲಿದೆ, ಬಳಕೆಯಲ್ಲಿಲ್ಲ."

"ಅದೇ ಬೀದಿಯ ಬೇರೆ ಅಜ್ಜಿಯರೆಲ್ಲ ನೀಲಿ ಚೀಟಿಗೆ ನೀಲಿ ಅಂದರು."

"ಅವರು ರಾಮನಗರದ ಗೂಡಿನ ಮಾರುಕಟ್ಟೆ ಸುತ್ತಿದವರು. ಈಕೆ ಹುಳಮನೆ ಬಿಟ್ಟು ಹೋದವಳಲ್ಲ."

"ಹಳದಿ ಚೀಟಿಗೆ ಬಿಳಿ ಅಂದದ್ದು?"

"ಅಂಚಿನ ಬಣ್ಣ, ಬಿಡು."

ಹಸಿದ ಸಿದ್ಧಾಂತ ಎದುರಿಗಿಟ್ಟ ಎಲ್ಲ ಸಾಕ್ಷಿಯನ್ನೂ ಹೀಗೆ ಉಪ್ಪಿನಕಾಯಿಯಂತೆ ನೆಕ್ಕಿಕೊಂಡು ತಿನ್ನುತ್ತದೆ. ನಯನಾ ಬಿಟ್ಟಳು. ಗೈಡು ಬಿಡು ಅಂದದ್ದನ್ನು ಬಿಡದ ವಿದ್ಯಾರ್ಥಿಗೆ ಪದವಿ ಬಿಟ್ಟುಹೋಗುತ್ತದೆ.

ಮುಂದಿನ ತಿಂಗಳು ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಬೀದಿಯ ಮುದುಕರೆಲ್ಲ ಸಾಲಾಗಿ ಹೋದರು. ಆಶಾ ಕಾರ್ಯಕರ್ತೆ ಬಾಗಿಲಿಗೇ ಬಂದು ಕರೆದಾಗ ದೊಡ್ಡಲಕ್ಷ್ಮಮ್ಮ ಸೊಪ್ಪು ಹೆಚ್ಚುತ್ತಿದ್ದಳು.

"ನಂದು ಆಗೋಯ್ತು ಕಣವ್ವ. ದೊಡ್ಡ ಡಾಕ್ಟ್ರೇ ಮನೆಗಂಟ ಬಂದು ನೋಡವ್ರೆ. ಪಾಸು."

"ನಮ್ಮದರಲ್ಲೂ ಒಂದ್ಸಲ ತೋರಿಸಿ ಅಜ್ಜಿ."

"ಪಾಸಾದೋರು ಮತ್ತೆ ಪರೀಕ್ಷೆ ಬರೀತಾರಾ?"

ರಮ್ಯಾಳಿಗೆ ಒಳಗೊಳಗೇ ಅನುಮಾನ. ಆದರೆ ಯೂನಿವರ್ಸಿಟಿಯವರು ಸರಿಯಿದೆ ಅಂದಿರುವಾಗ ಪಿಯುಸಿ ಓದಿದ ಸೊಸೆ ಏನು ಹೇಳಬೇಕು. ಹೇಳಿದರೆ, ಹುಳಮನೆ ಕಿತ್ತುಕೊಳ್ಳಲು ನೋಡುತ್ತಿದ್ದಾಳೆ ಎಂಬ ಮಾತು ಬೀದಿಯ ಕೊನೆ ಮುಟ್ಟುತ್ತದೆ.

ವರ್ಷ ಕಳೆಯಿತು. ಮುನಿಕೃಷ್ಣರು ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಿದರು. ಪರದೆಯ ಮೇಲೆ ದೊಡ್ಡಲಕ್ಷ್ಮಮ್ಮನ ಫೋಟೋ, ಕೆಳಗೆ "ನೀಲಿಪೂರ್ವ ಹಂತದ ಮಾತುಗಾರ್ತಿ" ಎಂಬ ಬಿರುದು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಯಾರೋ, "ಕಣ್ಣಿನ ಪರೀಕ್ಷೆ ಆಗಿತ್ತೇ?" ಅಂದರು.

"ಚುಕ್ಕಿ ಪುಸ್ತಕದಲ್ಲಿ ಪೂರ್ತಿ ಪಾಸು," ಅಂದರು ಪ್ರೊಫೆಸರ್.

ಅಂದು ಸಂಜೆ ಸಾಮಾನು ಚೀಲಕ್ಕೆ ತುಂಬುವಾಗ ನಯನಾ ಚುಕ್ಕಿ ಪುಸ್ತಕದ ಮೊದಲ ಪುಟವನ್ನು ಓದಿದಳು. ಎಷ್ಟೋ ಊರು ಹೊತ್ತು ತಿರುಗಿದ್ದ ಪುಸ್ತಕ, ಓದುವ ಪ್ರಸಂಗ ಬಂದಿರಲಿಲ್ಲ. ಕೆಂಪು-ಹಸಿರಿನ ಗೊಂದಲ ಇದೆಯೇ ಎಂದಷ್ಟೇ ಅದು ತೋರಿಸುತ್ತದೆ. ನೀಲಿ-ಹಳದಿಯ ತೊಂದರೆ ಅದಕ್ಕೆ ಸಿಗುವುದಿಲ್ಲ. ಕಣ್ಣಿನ ರೋಗಗಳ ಮಾತಂತೂ ಅದರಲ್ಲಿ ಇಲ್ಲವೇ ಇಲ್ಲ.

ಮರುದಿನ ಆಕೆ ಚನ್ನಪಟ್ಟಣಕ್ಕೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ಸು ಹಿಡಿದು ಅಕ್ಕೂರಿಗೆ ಹೋದಳು.

ಹುಳ ಹಣ್ಣಾಗುವ ದಿನ. ಹುಳಮನೆಯಲ್ಲಿ ದೊಡ್ಡಲಕ್ಷ್ಮಮ್ಮ ತಟ್ಟೆಯ ಮುಂದೆ ಕೂತು, ಒಂದೊಂದೇ ಹುಳವನ್ನು ಕಿಟಕಿಗೆ ಹಿಡಿದು ನೋಡಿ ಚಂದ್ರಂಕಿಗೆ ಬಿಡುತ್ತಿದ್ದಳು. ಕೈ ಹಿಂದಿನಂತೆಯೇ ಚುರುಕು, ಗತ್ತೂ ಹಿಂದಿನದೇ. ಆಕೆಯ ಪಕ್ಕದಲ್ಲೇ ರಮ್ಯಾ ಬಾಗಿ, ಅತ್ತೆ ಬಿಟ್ಟ ಹುಳಗಳಲ್ಲಿ ಹಾಲುಬಿಳುಪಿನವನ್ನು ಸದ್ದಾಗದಂತೆ ಹೆಕ್ಕಿ ಮತ್ತೆ ಸೊಪ್ಪಿನ ತಟ್ಟೆಗೆ ಹಾಕುತ್ತಿದ್ದಳು. ಹಣ್ಣಾಗಿ ತಟ್ಟೆಯಲ್ಲೇ ಉಳಿದವನ್ನು ಆರಿಸಿ ಚಂದ್ರಂಕಿಗೆ ಬಿಡುತ್ತಿದ್ದಳು. ಇದು ಎಷ್ಟು ಬೆಳೆಯಿಂದ ನಡೆಯುತ್ತಿತ್ತೋ. ಅಷ್ಟು ಹತ್ತಿರ ಕೈಯಾಡುತ್ತಿದ್ದರೂ ದೊಡ್ಡಲಕ್ಷ್ಮಮ್ಮನಿಗೆ ಕಾಣುತ್ತಿರಲಿಲ್ಲ.

ರಮ್ಯಾ ನಯನಾಳನ್ನು ನೋಡಿ ಬಾಗಿಲ ಹೊರಗೆ ಬಂದಳು. ಧ್ವನಿ ಏರಿಸಲಿಲ್ಲ.

"ನೀವೇ ಅಲ್ವಾ ಅಕ್ಕ, ಕಣ್ಣಲ್ಲಿ ಏನೂ ಇಲ್ಲ ಅಂದಿದ್ದು?"

"ನಾವು ಕಣ್ಣಿನ ಡಾಕ್ಟರಲ್ಲ."

"ಮತ್ತೆ ಏನು ನೋಡೋಕೆ ಬಂದಿದ್ರಿ?"

ಬಣ್ಣಕ್ಕೆ ಏನಂತಾರೆ ಅನ್ನೋದನ್ನು, ಅಂದಳು ನಯನಾ. ಆ ಬಾಗಿಲಲ್ಲಿ ನಿಂತು ಹೇಳಿದಾಗ ಅದು ಎಷ್ಟು ಸಣ್ಣ ಮಾತಾಗಿ ಕೇಳಿಸಿತೆಂದರೆ, ಆಕೆ ಎರಡನೇ ಸಲ ಹೇಳಲಿಲ್ಲ. ಬಿಳಿಗೂ ಹಳದಿಗೂ ವ್ಯತ್ಯಾಸ ಹೋಗಿತ್ತು, ಕಪ್ಪಿಗೂ ನೀಲಿಗೂ ಹೋಗಿತ್ತು. ಎರಡನ್ನೂ ತನ್ನ ಕೈಯಾರೆ ಬರೆದುಕೊಂಡು ಹೋಗಿದ್ದಳು. ಅಜ್ಜಿ ತನ್ನ ರೋಗವನ್ನು ಚೀಟಿ ಚೀಟಿಯಾಗಿ ಹೇಳಿದ್ದಳು. ಕೇಳಿದವರು ಅದನ್ನು ಭಾಷೆ ಅಂದುಕೊಂಡರು.

ನಯನಾ, ಶಿವಕುಮಾರ ಸೇರಿ ದೊಡ್ಡಲಕ್ಷ್ಮಮ್ಮನನ್ನು ರಾಮನಗರಕ್ಕೆ ಕರೆದೊಯ್ದರು. ಅಲ್ಲಿನ ಕಣ್ಣಿನ ಡಾಕ್ಟರ್ ಹಮೀದಾ ಬಹಳ ಹೊತ್ತು ನೋಡಿದರು. ಎರಡು ರೋಗ ಒಂದರ ಹಿಂದೆ ಒಂದು ಅವಿತಿದ್ದವು. ಮುಂದೆ ಪೊರೆ, ಹಳೆಯ ಪೊರೆ ಹಳದಿ, ಕಂದು ಆಗಿ ನೀಲಿ ಬೆಳಕನ್ನು ಒಳಗೆ ಬಿಡುವುದಿಲ್ಲ. ಅದನ್ನು ತೆಗೆಯಬಹುದು. ಹಿಂದೆ ಗ್ಲಾಕೋಮಾ, ಕಣ್ಣಿನ ಒತ್ತಡ ನರವನ್ನು ಅಂಚಿನಿಂದ ಒಳಗೊಳಗೆ ಒಣಗಿಸುತ್ತದೆ, ನೋಯಿಸುವುದಿಲ್ಲ. ಒಣಗಿದ ನರ ಚಿಗುರುವುದಿಲ್ಲ.

"ಹೋದದ್ದು ವಾಪಸು ಬರಲ್ಲಮ್ಮ. ಹನಿ ಬಿಟ್ಟು ಇರೋದನ್ನ ಉಳಿಸ್ಕೊಳ್ಳೋಣ. ಒಂದು ವರ್ಷ ಮೊದಲು ಬಂದಿದ್ದರೆ ಉಳಿಸೋಕೆ ಇನ್ನೂ ಬೇಕಾದಷ್ಟಿತ್ತು. ಯಾಕೆ ಬರಲಿಲ್ಲ?"

"ತೋರ್ಸಿದ್ದೆ ತಾಯಿ," ಅಂದಳು ದೊಡ್ಡಲಕ್ಷ್ಮಮ್ಮ. "ಪಾಸ್ ಮಾಡುದ್ರು."

ಯಾರು ಪಾಸು ಮಾಡಿದ್ದು ಎಂದು ಡಾಕ್ಟರ್ ಕೇಳಿದರು. ಶಿವಕುಮಾರ ನೆಲ ನೋಡಿದ. ನಯನಾ ಕುರ್ಚಿಯಿಂದ ಎದ್ದು ನಿಂತಳು, ಯಾರೂ ನಿಲ್ಲು ಅಂದಿರಲಿಲ್ಲ.

ಸುದ್ದಿ ಪ್ರೊಫೆಸರರಿಗೆ ಮುಟ್ಟಿತು. ಪ್ರಬಂಧದಿಂದ ಆ ಭಾಗ ತೆಗೆದರು, ಕೆಳಗೆ ಅಡಿಟಿಪ್ಪಣಿ ಬರೆದರು: "ಒಬ್ಬ ಮಾತುಗಾರ್ತಿಯ ಉತ್ತರಗಳನ್ನು ದೃಷ್ಟಿದೋಷದ ಕಾರಣ ಕೈಬಿಡಲಾಗಿದೆ." ಅಡಿಟಿಪ್ಪಣಿಯಲ್ಲಿ ಅವರಷ್ಟು ಪ್ರಾಮಾಣಿಕರು ವಿರಳ. ಆಮೇಲೆ ಒಂದು ಭಾನುವಾರ ಮೂಸಂಬಿ ಚೀಲ ಹಿಡಿದು, ನಯನಾಳೊಂದಿಗೆ ಅಕ್ಕೂರಿಗೆ ಹೋದರು. ಪೊರೆ ತೆಗೆಸಿಕೊಂಡ ದೊಡ್ಡಲಕ್ಷ್ಮಮ್ಮ ಜಗುಲಿಯ ಮೇಲೆ ಕೂತಿದ್ದಳು. ಅವರು ಮೆಟ್ಟಿಲು ಹತ್ತಿದ್ದು, ಪಕ್ಕದಲ್ಲಿ ಕೂತದ್ದು, ಚೀಲ ಇಟ್ಟದ್ದು ಒಂದೂ ಆಕೆಗೆ ಕಾಣಲಿಲ್ಲ. ಕೆಮ್ಮಿದಾಗ ತಿರುಗಿದಳು.

"ಯಾರು?"

"ನಾನಮ್ಮ. ಬಣ್ಣದ... ಮುನಿಕೃಷ್ಣ." ಚೀಲವನ್ನು ಆಕೆಯ ಕೈಗೆ ತಾಕುವಂತೆ ಸರಿಸಿದರು. "ತಪ್ಪಾಯಿತು ಅಂತ ಹೇಳೋಕೆ ಬಂದೆ."

"ನೀವು ಬೇಕಂತ ಮಾಡ್ಲಿಲ್ಲ ಬುಡಿ." ನಯನಾ ತಿಳಿಸಿದ್ದನ್ನು ನೆನೆದು, "ನಂಗೆ ನೀಲಿ ಅನ್ನೋ ಬಣ್ಣನೇ ಗೊತ್ತಿರ್ನಿಲ್ಲ ಅಂತ ನಾಕು ಜನದ ಮುಂದೆ ಹೇಳುದ್ರಂತೆ. ನನ್ನ ಧಾರೆ ಸೀರೆನೇ ನೀಲಿ. ನಯನವ್ವ, ನೀನೂ ಬಂದಿದ್ರೆ, ಆ ಚೀಟಿ ತಂದಿದ್ದೀಯಾ? ಹಿಡಿ."

ಚೀಟಿ ನಯನಾಳ ಚೀಲದಲ್ಲಿತ್ತು. ಹಿಡಿದಳು. ದೊಡ್ಡಲಕ್ಷ್ಮಮ್ಮ ಕೊಳವೆಯೊಳಗಿಂದ ಹುಡುಕುವವಳಂತೆ ತಲೆಯನ್ನು ಅತ್ತ ಇತ್ತ ಆಡಿಸಿದಳು. ಗೋಡೆ ಸಿಕ್ಕಿತು, ಕಂಬ ಸಿಕ್ಕಿತು, ಕೊನೆಗೆ ಚೀಟಿ ಸಿಕ್ಕಿತು.

"ನೀಲಿ. ಇದೂ ನೀಲಿ. ಇದು ತಿಳಿ ನೀಲಿ. ಇದು ಅರಿಸಿಣ, ತಿಳೀದು." ಒಂದೂ ತಪ್ಪಲಿಲ್ಲ. ಚೀಟಿಯಷ್ಟೇ ಆಕೆಗೆ ಉಳಿದಿದ್ದ ಲೋಕ. ಚೀಟಿ ಹಿಡಿದ ಕೈ ಕಾಣುತ್ತಿರಲಿಲ್ಲ, ಕೈಯ ಹಿಂದೆ ಯಾರಿದ್ದಾರೆಂಬುದೂ ಕಾಣುತ್ತಿರಲಿಲ್ಲ.

ಮುನಿಕೃಷ್ಣರ ಬಾಯಿ ತಮಗೆ ಗೊತ್ತಿಲ್ಲದೆ, "ಒಂದೇ ವರ್ಷದಲ್ಲಿ ಒಂದು ಹಂತ ಮುಂದಕ್ಕೆ..." ಎಂದು ಶುರು ಮಾಡಿತು. ಹಳೆಯ ಅಭ್ಯಾಸ. ನಯನಾ ನೋಡಿದ ನೋಟಕ್ಕೆ ಅಲ್ಲೇ ನಿಂತಿತು.

"ಬರ್ಕೊಂಡ್ಯಾ?" ಅಂದಳು ದೊಡ್ಡಲಕ್ಷ್ಮಮ್ಮ.

"ಬರ್ಕೊಂಡೆ ಅಜ್ಜಿ."

ಆಗ ಎದುರುಮನೆಯ ಅಂಕಯ್ಯ ಬೀದಿಯಲ್ಲಿ ಬಂದು ನಿಂತ. ಅಭ್ಯಾಸಬಲದಿಂದ ಜಗುಲಿಯ ಕಡೆ ನೋಡಿ, ಬಾಯಿ ತೆರೆದು, ಮತ್ತೆ ಮುಖ ತಿರುಗಿಸಿ ಒಳಗೆ ಕೂಗಿದ: "ರಮ್ಯವ್ವ, ಒಸಿ ಬಂದು ನೋಡವ್ವ. ನಮ್ಮವು ಹಣ್ಣಾದಂಗೆ ಕಾಣ್ತವೆ."

ರಮ್ಯಾ ಸೆರಗಿಗೆ ಕೈ ಒರೆಸಿಕೊಂಡು ಹೊರಬಂದಳು. ಅತ್ತೆಯ ಮುಂದೆ ಒಂದು ಗಳಿಗೆ ನಿಂತಳು.

"ಹೋಗಿಬತ್ತೀನಿ ಅತ್ತೆ."

"ಹೋಗು. ಕಿಟಕಿತಾವ ಹಿಡಿದು ನೋಡು."

ಹೆಜ್ಜೆ ದೂರವಾದವು. ದೊಡ್ಡಲಕ್ಷ್ಮಮ್ಮ ಮೂಸಂಬಿ ಇಟ್ಟ ಕಡೆಯಲ್ಲ, ಬೀದಿಯ ಕಡೆಗೂ ಅಲ್ಲ, ಎರಡರ ನಡುವೆ ಎಲ್ಲೋ ಮುಖ ಮಾಡಿ ಕೂತಳು. ಬಹಳ ಹೊತ್ತಿನ ಮೇಲೆ ಹೆಜ್ಜೆ ಹಿಂದಕ್ಕೆ ಬಂದ ಸದ್ದಾಯಿತು.

"ರಮ್ಯಾ, ಹಣ್ಣಾದ್ವಾ?" ಎಂದು ಕೇಳಿದಳು.